ಮ್ಯಾನೇಜರ್ ಮೇಡಂಗೆ ಮಡಿಲಕ್ಕಿ

ಯಂತ್ರ ಬಂದು ಮೂರು ವಾರ ಕಳೆದರೂ ಬಿಂದುಶ್ರೀಗೆ ಆ ಕಾಗದ ಬರೆಯಲು ಆಗಿರಲಿಲ್ಲ.

ಬರೆಯಲು ಕೂರುತ್ತಿದ್ದಳು, ಒಂದು ಸಾಲು ಹಾಕುತ್ತಿದ್ದಳು, ಎದ್ದು ಹೋಗಿ ಯಂತ್ರದ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬರುತ್ತಿದ್ದಳು. ಅದು ಮುಚ್ಚಿಯೇ ಇರುತ್ತಿತ್ತು. ವಾಪಸ್ ಬಂದು ಆ ಸಾಲನ್ನು ಹೊಡೆದು ಹಾಕುತ್ತಿದ್ದಳು. 'ತಮ್ಮ ಉಪಕಾರವನ್ನು ಎಂದೂ ಮರೆಯುವುದಿಲ್ಲ' ಎಂದು ಬರೆದರೆ, ಮುಂದೆ ಏನೋ ಕೊಡುತ್ತೇನೆ ಎಂದು ಮಾತು ಕೊಟ್ಟ ಹಾಗಿತ್ತು. 'ಚಿರಋಣಿ' ಎಂದರೆ, ಬ್ಯಾಂಕಿಗೆ ಹೇಗೂ ಋಣಿಯೇ, ಅದನ್ನು ಮತ್ತೆ ಬರೆದು ತಿಳಿಸಬೇಕೇ? 'ಬೇಗ ಮಾಡಿಕೊಟ್ಟಿದ್ದಕ್ಕೆ' ಎಂದು ಬರೆದರೆ ಓದಿದವರು ಮೊದಲು ಕೇಳುವುದೇ, ಯಾಕೆ ಬೇಗ ಮಾಡಿಕೊಟ್ಟರು ಎಂದು. ಥ್ಯಾಂಕ್ಸ್ ಹೇಳುವ ಮಾತುಗಳಿಗೆಲ್ಲ ಹಿಂದೊಂದು ಕೈ ಚಾಚಿಕೊಂಡೇ ಇರುತ್ತದೆ ಎಂದು ಅವಳಿಗೆ ಈಗ ಗೊತ್ತಾಗಿತ್ತು.

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಅವಳದು ಬಾಡಿಗೆಯ ಶೆಡ್ಡು. ಸುತ್ತಲಿನ ಕಾರ್ಖಾನೆಗಳ ಕೆಲಸಗಾರರ ಯೂನಿಫಾರಂ ಅಲ್ಲಿಗೆ ಮೂಟೆಗಟ್ಟಲೆ ಬರುತ್ತಿತ್ತು, ಎಣ್ಣೆ, ಗ್ರೀಸು, ಬೆವರು ಎಲ್ಲ ಸೇರಿ. ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ಪಾಳಿ ಬದಲಾಗುವ ಮೊದಲು ತಲುಪಿಸಬೇಕು. ಇದನ್ನು ಶುರು ಮಾಡಿದವನು ಅವಳ ಗಂಡ ವಿಶ್ವನಾಥ್. ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಓದಿದ್ದ ಹೆಂಡತಿಯನ್ನು, "ಗ್ರೀಸು ಬಿಡಿಸೋ ಪುಡಿ ಕಂಡುಹಿಡೀರಿ ಮೇಡಂ, ನೊಬೆಲ್ ನಾನ್ ಕೊಡಿಸ್ತೀನಿ" ಎಂದು ರೇಗಿಸುತ್ತಿದ್ದ. ಹೋದ ವರ್ಷ ರಿಂಗ್ ರಸ್ತೆಯಲ್ಲಿ ಅವನ ಸ್ಕೂಟರಿಗೆ ಲಾರಿ ಬಡಿಯಿತು. ಆಮೇಲೆ ಬಿಂದು ಶೆಡ್ಡಿಗೆ ಬರತೊಡಗಿದಳು. ಅಳುತ್ತಿರಲಿಲ್ಲ. ಏನೂ ಅನ್ನಿಸುತ್ತಲೂ ಇರಲಿಲ್ಲ. ಸುಮ್ಮನೆ ಕೂತರೆ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ.

ಈ ವರ್ಷ ಬಟ್ಟೆ ತೊಳೆಯುವ ಹಳೆಯ ಯಂತ್ರ ಕೈಕೊಟ್ಟಿತು. ತಿಂಗಳ ಕೊನೆಯೊಳಗೆ ಹೊಸದು ಬರದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ದೊಡ್ಡ ಕಾರ್ಖಾನೆಯವರು ಹೇಳಿಬಿಟ್ಟರು. ಇಸ್ತ್ರಿಯ ಬೀರಮ್ಮನೂ ಸೇರಿ ಐದು ಮನೆಗಳ ಒಲೆ ಆ ಶೆಡ್ಡಿನ ಮೇಲೆ ನಿಂತಿತ್ತು. ಬಿಂದು ಹತ್ತಿರದ ಬ್ಯಾಂಕಿಗೆ ಹೋಗಿ ಮುದ್ರಾ ಸಾಲಕ್ಕೆ ಅರ್ಜಿ ಕೊಟ್ಟಳು. ಚಿಕ್ಕ ಶಾಖೆ. ಮ್ಯಾನೇಜರ್ ಮಾಲವಿಕಾ ಅವಳಷ್ಟೇ ವಯಸ್ಸಿನವಳು, ಬಸುರಿ. ಅವಳು ಸಾಲ ಮಂಜೂರು ಮಾಡಿದಳು, ಹಣ ನೇರವಾಗಿ ಕೊಯಮತ್ತೂರಿನ ಯಂತ್ರದ ಕಂಪನಿಯ ಖಾತೆಗೆ ಹೋಯಿತು, ತಿಂಗಳು ಮುಗಿಯುವ ಮೊದಲೇ ಯಂತ್ರ ಲಾರಿಯಿಂದ ಇಳಿಯಿತು.

"ಆ ಮಗೂಗೆ ಏನಾರ ಹೇಳ್ದಾ?" ಎಂದು ಅತ್ತೆ ಸಿದ್ದಲಿಂಗಮ್ಮ ದಿನಾ ಕೇಳುತ್ತಿದ್ದರು. ಆ ಮಗು ಎಂದರೆ ಮ್ಯಾನೇಜರ್.

"ಕಾಗದ ಬರೀತಾ ಇದೀನಿ ಅತ್ತೆ."

"ಕಾಗದ! ಯಾರ್ ಹೊಟ್ಟೆ ತುಂಬ್ತದೆ ಕಾಗ್ದದಲ್ಲಿ? ಒಂದ್ ಹಣ್ಣಿಲ್ಲ, ಒಂದ್ ಹೂವಿಲ್ಲ. ನಾವೇನ್ ಮನುಷ್ಯರಲ್ವಾ?"

"ಬ್ಯಾಂಕಿನೋರಿಗೆ ಏನೂ ಕೊಡಬಾರದು ಅತ್ತೆ. ಅವರಿಗೇ ತೊಂದರೆ."

"ಕೊಡೋದು ಬೇರೆ, ಮರ್ಯಾದೆ ಬೇರೆ ಕಣಮ್ಮ."

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾವ ರುದ್ರಸ್ವಾಮಿ ರಾಜೀವನಗರದ ಮನೆಯಿಂದ ಫೋನ್ ಮಾಡಿದರು.

"ಬಿಂದು, ನಿಮ್ಮತ್ತೆ ಅಲ್ಲಿಗ್ ಬಂದ್ಲಾ?"

"ಇಲ್ಲ ಮಾವ. ಯಾಕೆ?"

"ಬಸ್ಸಿಗೆ ಹೋಯ್ತೀನಿ ಅಂತ ಹೊರಟ್ಲು. ಅಕ್ಕಿ, ಕಾಯಿ, ಬಳೆ ಎಲ್ಲ ಕಟ್ಕೊಂಡು. ನಿಂಗ್ ಹೇಳಿದ್ದೀನಿ ಅಂದ್ಲು. ಬ್ಯಾಂಕ್ ಮೇಡಮ್ಮಂಗೆ ಮಡ್ಲು ತುಂಬ್ತಾಳಂತೆ."

ಬಿಂದು ಫೋನನ್ನು ಕೈಯಲ್ಲಿ ಹಿಡಿದೇ ಹೊರಗೆ ಓಡಿದಳು. "ನೀರು ಬಿಟ್ಟಿದ್ದೀನಿ, ನೋಡ್ಕೊಳ್ಳಿ" ಎಂದು ಬೀರಮ್ಮನಿಗೆ ಕೂಗಿದ್ದಷ್ಟೇ. ಆಟೋ ಸಿಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರ ಸಾಲಿನ ನಡುವೆ ನುಗ್ಗಿ, ಚಪ್ಪಲಿ ಜಾರಿಸಿಕೊಂಡು, ಅರ್ಧ ಓಡಿ ಅರ್ಧ ನಡೆದು ಬ್ಯಾಂಕು ಮುಟ್ಟಿದಳು.

ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮ್ಯಾನೇಜರ ಕ್ಯಾಬಿನ್ನಿಗೆ ಗಾಜಿನ ಗೋಡೆ. ಅದರಾಚೆ ಮಾಲವಿಕಾ ಸೆರಗು ಒಡ್ಡಿಕೊಂಡು ನಿಂತಿದ್ದಳು. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ವೀಳ್ಯದೆಲೆ, ಹಸಿರು ಬಳೆ. ಎದುರಿಗೆ ಸಿದ್ದಲಿಂಗಮ್ಮ, ಮೊರವಿಲ್ಲದ್ದಕ್ಕೆ ಸ್ಟೀಲಿನ ತಟ್ಟೆ ಹಿಡಿದು, ಕೊನೆಯ ಹಿಡಿ ಅಕ್ಕಿ ಹಾಕಿ, ಅವಳ ಹಣೆಗೆ ಕುಂಕುಮವಿಟ್ಟು ದೃಷ್ಟಿ ತೆಗೆಯುತ್ತಿದ್ದರು. ಹಣ ಕಟ್ಟಲು ನಿಂತಿದ್ದ ಹೆಂಗಸರಲ್ಲಿ ಇಬ್ಬರು ನಗುತ್ತಿದ್ದರು. ಕ್ಯಾಷ್ ಕೌಂಟರಿನ ಶಾರದ ನಗುತ್ತಿರಲಿಲ್ಲ. ಕ್ಯಾಬಿನ್ನಿನ ಬಾಗಿಲಲ್ಲಿ ದಪ್ಪ ಮೀಸೆಯ ಒಬ್ಬ ಗಂಡಸು ಮೊಬೈಲು ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದ.

"ನೋಡ್ರಪ್ಪ ನೋಡಿ," ಎಂದ ಅವನು, ಹೊರಗೆ ಹಾಲ್‌ನಲ್ಲಿದ್ದ ಜನರ ಕಡೆ ತಿರುಗಿ. "ಸಾಲ ಹೆಂಗ್ ಬೇಗ ಆಗ್ತದೆ ಅಂತ ನಾನ್ ತಲೆ ಕೆಡಿಸ್ಕೊಂಡಿದ್ದೆ. ಅಕ್ಕಿ ತರ್ಬೇಕಾಗಿತ್ತು! ನಂಗೊಬ್ರೂ ಹೇಳ್ಲಿಲ್ಲ. ರಾಜಮುಡಿನಾ ಸೋನಾ ಮಸೂರಿನಾ ಮೇಡಂ?"

ಹಾಲಿನಲ್ಲಿದ್ದ ನಗು ನಿಂತಿತು.

ಅವನ ಹೆಸರು ಮಹದೇವ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಹೊಸ ಕುರ್ಚಿಗಳಿಗೆಂದು ಸಾಲ ಕೇಳಿ ಎರಡು ತಿಂಗಳಿಂದ ಅಲೆಯುತ್ತಿದ್ದ. ಬಿಂದು ಅವನನ್ನು ಇದೇ ಬೆಂಚಿನ ಮೇಲೆ ಒಂದೆರಡು ಸಲ ನೋಡಿದ್ದಳು.

"ಮಹದೇವ ಅವರೇ, ಗೋಡೌನಿನ ಬಾಡಿಗೆ ಕರಾರು ತನ್ನಿ ಅಂತ ನಾನು ಮೊದಲನೇ ದಿನವೇ ಹೇಳಿದ್ದೀನಿ," ಎಂದಳು ಮಾಲವಿಕಾ. ಧ್ವನಿ ಶಾಂತವಾಗಿತ್ತು. ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಅದು ನಮ್ ಓನರ್ ಕೊಡಲ್ಲ ಅಂತ ನಾನೂ ಹೇಳಿದ್ದೀನಿ. ಇವ್ರು ಏನ್ ಕೊಟ್ರು? ಕಾಯಿ ಕೊಟ್ರು!" ಅವನು ಬಗ್ಗಿ ಸೆರಗಿನೊಳಗೆ ನೋಡಿದ. "ಕಾಯಿ ಕೆಳಗಿರೋದೇನು? ರೇಷ್ಮೆ ಸೀರೆ ಅಲ್ವಾ ಅದು?"

ಮಾಲವಿಕಾ ಕೆಳಗೆ ನೋಡಿದಳು. ಬಿಂದುವೂ ನೋಡಿದಳು. ಕಾಯಿಯ ಅಡಿಯಲ್ಲಿ ಮಡಿಸಿದ ಸೀರೆಯ ಚಿನ್ನದ ಅಂಚು ಇಣುಕುತ್ತಿತ್ತು. ಬಿಂದುವಿಗೆ ಗುರುತು ಸಿಕ್ಕಿತು. ಎರಡು ಗೌರಿಹಬ್ಬದ ಹಿಂದೆ ವಿಶ್ವನಾಥ್ ತಾಯಿಗೆ ಕೊಡಿಸಿದ್ದ ಮೈಸೂರು ರೇಷ್ಮೆ. ಒಳ್ಳೆಯ ದಿನ ಉಡುತ್ತೇನೆಂದು ಸಿದ್ದಲಿಂಗಮ್ಮ ಬೀರುವಿನಲ್ಲಿಟ್ಟವರು, ಆ ದಿನ ಬಂದೇ ಇರಲಿಲ್ಲ.

"ರವಿಕೆ ಕಣ ಅಂದ್ಕೊಂಡೆ," ಎಂದಳು ಮಾಲವಿಕಾ, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಬಿಂದುವನ್ನು ಕಂಡಳು. "ನೀವು ಹೇಳಿ ಕಳಿಸಿದ್ರಾ?"

"ಇಲ್ಲ ಮೇಡಂ. ನನಗೆ ಗೊತ್ತೇ ಇರಲಿಲ್ಲ."

"ಅವ್ಳಿಗ್ಯಾಕೆ ಹೇಳ್ಲಿ?" ಸಿದ್ದಲಿಂಗಮ್ಮ ಮುಂದೆ ಬಂದರು. "ಅವತ್ತು ಶೆಡ್ ನೋಡಕ್ಕೆ ಈ ಮಗು ಬಿಸ್ಲಲ್ಲಿ ಬಂತು. ಕಾಲು ಊದ್ಕೊಂಡಿತ್ತು. ಒಂದ್ ಲೋಟ ಮಜ್ಜಿಗೆ ಕೊಟ್ರೆ, ಕುಡಿಯಕ್ಕೂ ಮೊದ್ಲು ಹಿಂದೆಮುಂದೆ ನೋಡ್ತು. ಏಳ್ ತಿಂಗಳ ಬಸ್ರಿ ಮನೆ ಬಾಗ್ಲಿಗ್ ಬಂದು ಬರಿಗೈಲಿ ಹೋಯ್ತಲ್ಲಾ ಅಂತ ನಂಗೆ ರಾತ್ರಿಯೆಲ್ಲ ಸಂಕಟ. ಮಡ್ಲು ತುಂಬೋದ್ ತಪ್ಪೇನಪ್ಪಾ? ನಿಂಗ್ ಹೆಣ್ ಮಕ್ಳಿಲ್ವಾ?"

"ಅವೆ, ಇಬ್ರು," ಎಂದ ಮಹದೇವ. "ಅವ್ರಿಗ್ಯಾರೂ ರೇಷ್ಮೆ ಸೀರೆ ಮಡ್ಲಿಗೆ ಹಾಕಿಲ್ಲ, ಅವ್ರು ಮ್ಯಾನೇಜರ್ ಅಲ್ವಲ್ಲ. ಈ ಫೋಟೋ ರೀಜನಲ್ ಆಫೀಸಿಗೆ ಹೋಗ್ತದೆ ನೋಡ್ತಾ ಇರಿ."

ಬಿಂದು ಮಾಲವಿಕಾಳ ಮುಖವನ್ನೇ ನೋಡಿದಳು. ದೂರು ಹೋದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ವಿಚಾರಣೆ, ಕುರ್ಚಿಯಿಂದ ಎತ್ತಂಗಡಿ. ಹೆರಿಗೆ ರಜೆಗೆ ಹೋಗುವ ಹೊತ್ತಿಗೆ ಹೆಸರಿಗೆ ಒಂದು ಕಪ್ಪು ಚುಕ್ಕೆ. ಮಾಡಿದ ಕೆಲಸ ಸರಿಯಾಗಿದ್ದರೂ, ಬೇಗ ಮಾಡಿದ್ದೇ ತಪ್ಪಿಗೆ ಸಾಕ್ಷಿಯಾಗಿಬಿಡುತ್ತದೆ.

"ಅವರು ಕಳಿಸೋದೇನು, ನಾನೇ ಈಗ ತಿಳಿಸ್ತೀನಿ," ಎಂದಳು ಮಾಲವಿಕಾ. "ಸಾಲ ತಗೊಂಡವರ ಕೈಯಿಂದ ಒಂದು ಡಬ್ಬ ಸಿಹಿಯನ್ನೂ ನಾವು ತಗೊಳ್ಳೋ ಹಾಗಿಲ್ಲ. ಅಮ್ಮ, ಇದನ್ನೆಲ್ಲ ವಾಪಸ್ ತಗೊಳ್ಳಿ."

ಸಿದ್ದಲಿಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ತಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಶಿವಶಿವಾ! ಏನ್ ಮಾತಾಡ್ತೀಯ ಮಗ? ತುಂಬಿದ ಮಡ್ಲನ್ನ ತುಂಬಿದ ಕೈಲೇ ಬರಿದ್ ಮಾಡ್ಕೊಳ್ಳದಾ? ಅದೂ ಬಸ್ರಿದು? ನನ್ ಕೈ ಸೇದೋಗ್ಲಿ. ಒಂದ್ಸಲ ಮಗನ್ನ ಕಳ್ಕೊಂಡಿವ್ನಿ. ನಾನ್ ಮುಟ್ಟಲ್ಲ."

"ಹಾಗಾದ್ರೆ ಈ ಮೇಜಿನ ಮೇಲೆ ಸುರೀತೀನಿ."

"ಸುರಿ ನೋಡಣ," ಎಂದರು ಸಿದ್ದಲಿಂಗಮ್ಮ.

ಮಾಲವಿಕಾ ಸುರಿಯಲಿಲ್ಲ. ಮೇಜಿನ ಅಂಚಿಗೆ ಬಂದು ನಿಂತಳು, ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಳು, ತುಟಿ ಕಚ್ಚಿದಳು. ಅರಮನೆಯಲ್ಲಿ ಲೆಕ್ಕ ಬರೆದ ಮನೆತನದ ಹುಡುಗಿ, ನಿಯಮ ಬಾಯಿಪಾಠ. ಆದರೂ ಕೈ ಬಿಡಲು ಆಗುತ್ತಿರಲಿಲ್ಲ. ಮಹದೇವನೂ ಮೊಬೈಲು ಕೆಳಗಿಳಿಸಿದ. ಅವನ ಮನೆಯಲ್ಲೂ ಯಾರೂ ಅದನ್ನು ಸುರಿದಿರಲಾರರು.

ಹಾಲಿನಲ್ಲಿ ಟೋಕನ್ನಿನ ಯಂತ್ರ ಯಾರದೋ ನಂಬರು ಕೂಗಿತು. ಯಾರೂ ಎದ್ದು ಹೋಗಲಿಲ್ಲ.

ಬಿಂದುವಿನ ಕಾಲು ನಿಲ್ಲುತ್ತಿರಲಿಲ್ಲ. ಕ್ಯಾಬಿನ್ನಿನ ಬಾಗಿಲಿಂದ ಕೌಂಟರಿಗೆ, ಕೌಂಟರಿನಿಂದ ಬಾಗಿಲಿಗೆ ಎರಡು ಸಲ ನಡೆದಳು. ಇದಕ್ಕೊಂದು ದಾರಿ ಇದ್ದೇ ಇರಬೇಕು. ಶಾಸ್ತ್ರ ಮಾಡಿದವರು ಬಿಡಿಸಿಕೊಳ್ಳಲು ಒಂದು ಎಳೆ ಬಿಟ್ಟೇ ಇರುತ್ತಾರೆ. ತವರಿಂದ ಹೊರಡುವಾಗ ಅವಳ ತಾಯಿ ಮಡಿಲಕ್ಕಿ ಹಾಕಿ, ಅದರಲ್ಲೇ ಒಂದಷ್ಟು ಹಿಡಿ ತಿರುಗಿ ಹಾಕಿಸಿಕೊಳ್ಳುತ್ತಿದ್ದುದು ನೆನಪಾಯಿತು.

"ಅತ್ತೆ, ಮಡ್ಲಕ್ಕೀಲಿ ತಿರುಗಿ ಹಾಕೋದು ಇದೆಯಲ್ಲ? ಮನೆ ಬರಿದಾಗಬಾರದು ಅಂತ."

"ಅದು ಒಂದೆರಡು ಹಿಡಿ ಕಣಮ್ಮ. ಎಲ್ಲ ಅಲ್ಲ."

"ಎಲ್ಲ ಹಾಕಬೇಕಾದ್ರೆ?"

ಸಿದ್ದಲಿಂಗಮ್ಮ ಬೆನ್ನ ಹಿಂದಿನ ತಟ್ಟೆಯನ್ನು ಮುಂದಕ್ಕೆ ತಂದರು. "ಕೊಟ್ಟೋರು ತಗೋಬಾರ್ದು," ಎಂದರು. "ಮಡ್ಲಿಂದ ಮಡ್ಲಿಗೆ ಹೋಗ್ಬೈದು. ನಮ್ಮವ್ವ ಹಂಗ್ ಮಾಡಿದ್ಲು ಒಂದ್ಸಲ. ಬಸ್ರಿ ಮಡ್ಲಲ್ಲಿ ಒಂದ್ ಹಿಡಿ ಉಳ್ಸಿ, ಮಿಕ್ಕಿದ್ದು ಇನ್ನೊಬ್ಬಳ ಮಡ್ಲಿಗೆ. ಆದ್ರೆ ಅದು..." ನಿಲ್ಲಿಸಿದರು.

ಉಳಿದದ್ದನ್ನು ಹೇಳುವ ಅಗತ್ಯವಿರಲಿಲ್ಲ. ಆ ಇನ್ನೊಬ್ಬಳು ಮುತ್ತೈದೆಯಾಗಿರಬೇಕು. ಶಾರದ ಬ್ಯಾಂಕಿನವಳು, ಅವಳ ಮಡಿಲಿಗೆ ಹಾಕುವಂತಿಲ್ಲ. ಹಾಲಿನ ಹೆಂಗಸರು ಯಾರೋ ಏನೋ. ಸೀರೆ ಮನೆಗೆ ವಾಪಸಾಗಬೇಕಾದರೆ ಮನೆಯವಳ ಮಡಿಲೇ ಆಗಬೇಕು.

ಒಂದು ವರ್ಷದಿಂದ ಬಿಂದುವಿನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಹಬ್ಬದ ದಿನ ಪಕ್ಕದ ಮನೆಯವರು ತಾಂಬೂಲ ಕೊಡುವಾಗ ಅವಳು ತಾನಾಗಿಯೇ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳಿದ್ದಿಲ್ಲ. ಬಾ ಎಂದೂ ಹೇಳಿದ್ದಿಲ್ಲ.

ಸಿದ್ದಲಿಂಗಮ್ಮ ಸೊಸೆಯ ಕಡೆ ನೋಡಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಹಿಡಿದುಕೊಂಡರು.

"ನಿಂತ್ಕೊಂಡೇನ್ ನೋಡ್ತಿದ್ದೀಯ?" ಎಂದರು ಗಟ್ಟಿಯಾಗಿ, ಜಗಳಕ್ಕೆ ಬಂದವರಂತೆ. "ವೇಲ್ ಒಡ್ಡು."

ಬಿಂದು ಚೂಡಿದಾರದ ವೇಲಿನ ಎರಡು ತುದಿ ಹಿಡಿದು ಒಡ್ಡಿದಳು. ಮಾಲವಿಕಾ ಹತ್ತಿರ ಬಂದಳು. ಒಂದು ಹಿಡಿ ಅಕ್ಕಿಯನ್ನು ಸೆರಗಿನ ಮೂಲೆಯಲ್ಲಿ ಗಂಟು ಹಾಕಿ ಉಳಿಸಿಕೊಂಡಳು. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ಬಗ್ಗಿಸಿದಳು. ಅಕ್ಕಿ ಸುರಿಯಿತು, ಬಳೆ ಸದ್ದು ಮಾಡಿದವು, ಕಾಯಿ ಉರುಳಿ ಬಂತು, ಕೊನೆಗೆ ಸೀರೆ. ಭಾರ ಇತ್ತು. ಅಷ್ಟು ಭಾರ ಇರುತ್ತದೆ ಎಂದು ಬಿಂದುವಿಗೆ ಮರೆತೇಹೋಗಿತ್ತು. ಮೊಣಕೈಯಿಂದ ಭುಜದವರೆಗೆ ಏನೋ ಹರಿದ ಹಾಗಾಯಿತು. ಏನೆಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

"ಇದರ ಫೋಟೋನೂ ತೆಗೀರಿ," ಎಂದಳು ಮಹದೇವನಿಗೆ.

"ಏನು?"

"ಕೊಟ್ಟಿದ್ದು ತೆಗೆದ್ರಲ್ಲ, ವಾಪಸ್ ಬಂದಿದ್ದೂ ತೆಗೀರಿ."

ಮಹದೇವ ಅನುಮಾನದಿಂದ ನೋಡಿದ. ಆದರೂ ತೆಗೆದ. "ಹಳೇದನ್ನ ಅಳಿಸಲ್ಲ, ಹೇಳ್ಬುಟ್ಟೆ."

"ಅಳಿಸಬೇಡಿ. ಎರಡೂ ಇರ್ಲಿ."

ಮಾಲವಿಕಾ ಕುರ್ಚಿಯಲ್ಲಿ ಕೂತು ನೀರು ಕುಡಿದಳು. ಬಿಂದು ಎಲ್ಲವನ್ನೂ ಅತ್ತೆಯ ಚೀಲಕ್ಕೆ ತುಂಬಿ ಅವಳೆದುರು ನಿಂತಳು.

"ಮೇಡಂ, ನಾನು ನಿಮಗೆ ಮೂರು ವಾರದಿಂದ ಒಂದು ಕಾಗದ ಬರೀಬೇಕು ಅಂತಿದ್ದೆ. ಥ್ಯಾಂಕ್ಸ್ ಹೇಳೋಕೆ. ಬರೆದಿದ್ರೆ ಇದು ಆಗ್ತಿರಲಿಲ್ಲ. ಈಗ ಬರೀತೀನಿ."

"ನನಗೆ ಬರೀಬೇಡಿ," ಎಂದಳು ಮಾಲವಿಕಾ ಥಟ್ಟನೆ. "ಇವತ್ತು ನೀವು ನನಗೆ ಏನು ಬರೆದರೂ ನಾನೇ ಬರೆಸಿಕೊಂಡ ಹಾಗೆ. ಬರೀಲೇಬೇಕು ಅಂದ್ರೆ ರೀಜನಲ್ ಆಫೀಸಿಗೆ ಬರೀರಿ. ನಾನು ಓದೋದಿಲ್ಲ, ಹೀಗೆ ಬರೀರಿ ಅಂತಾನೂ ಹೇಳೋದಿಲ್ಲ. ಬಾಗಿಲು ಹಾಕ್ಕೊಂಡು ಹೋಗಿ. ನನಗೆ ನನ್ನ ರಿಪೋರ್ಟು ಬರೆಯೋದಿದೆ."

ಬಿಂದು ಹೊರಗೆ ಬಂದಳು. ಚಲನ್ ಬರೆಯುವ ಎತ್ತರದ ಮೇಜು, ದಾರ ಕಟ್ಟಿದ ಪೆನ್ನು. ಶಾರದ ಮಾತಾಡದೆ ಎರಡು ಬಿಳಿ ಹಾಳೆ ಮುಂದೆ ತಳ್ಳಿದಳು. ಬಿಂದು ನಿಂತೇ ಬರೆಯತೊಡಗಿದಳು. ಮೂರು ವಾರ ಆಗದಿದ್ದುದು ಈಗ ಹರಿದು ಬರುತ್ತಿತ್ತು, ಅಕ್ಷರ ಸೊಟ್ಟಗಾದರೂ.

ಮಹದೇವ ಹೋಗಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಇತ್ತ ಕಡೆಯೇ ನೋಡುತ್ತಿದ್ದ. ಬಿಂದು ಹಾಳೆ ಹಿಡಿದು ಅವನ ಬಳಿಗೆ ಹೋದಳು.

"ಇದಕ್ಕೆ ನೀವೇ ಸಾಕ್ಷಿ ಹಾಕಬೇಕು."

"ನಾನಾ?" ಅವನು ನಕ್ಕುಬಿಟ್ಟ. "ನಾನ್ ದೂರು ಕೊಡೋನು ಕಣಮ್ಮ!"

"ಅದಕ್ಕೇ. ನಮ್ಮ ಕಡೆಯೋರು ಹಾಕಿದ್ರೆ ಯಾರು ನಂಬ್ತಾರೆ? ಓದಿ. ಸುಳ್ಳು ಅನ್ಸಿದ್ರೆ ಹಾಕಬೇಡಿ."

ಮಹದೇವ ಜೇಬಿನಿಂದ ಕನ್ನಡಕ ತೆಗೆದ. ಬೆರಳಿಟ್ಟು, ತುಟಿಯಾಡಿಸುತ್ತ ಓದಿದ. ಎರಡನೇ ಸಾಲಿಗೇ ನಿಂತ.

"'ಅತ್ಯಂತ ಶೀಘ್ರವಾಗಿ'. ಇದೇನಿದು? ಮದ್ವೆ ಕಾಗ್ದನಾ? ಎಷ್ಟು ದಿನ ಆಯ್ತು ಅಂತ ಹಾಕಿ. ಶೀಘ್ರ ಅಂದ್ರೆ ಅನುಮಾನ ಬತ್ತದೆ."

ಬಿಂದು ಹೊಡೆದು ತಾರೀಖುಗಳನ್ನು ಹಾಕಿದಳು.

"'ಮೇಡಂ ಅವರ ದೊಡ್ಡ ಗುಣ'. ಬೇಡ ಬುಡಿ. ಗುಣ ನಿಮಗೊಬ್ರಿಗೇ ತೋರ್ಸಿದ್ರೆ ನಮ್ ಗತಿ? ಏನ್ ಮಾಡಿದ್ರು ಅಂತ ಬರೀರಿ."

ಅವಳು ಅದನ್ನೂ ಹೊಡೆದಳು. ಹೊಡೆಯುವಾಗ ಗೊತ್ತಾಯಿತು, ಅವನು ಹುಡುಕಿ ತೆಗೆಯುತ್ತಿದ್ದುದು ತನ್ನನ್ನೇ ಮೂರು ವಾರ ಕಾಡಿದ ಮಾತುಗಳನ್ನು.

"'ನನ್ನ ಕಡತದಲ್ಲಿ ಏನೇನು ಕೊರತೆ ಇದೆ ಎಂಬುದನ್ನು ಒಂದೇ ಚೀಟಿಯಲ್ಲಿ ಬರೆದುಕೊಟ್ಟರು.'" ಓದಿ ಅವನು ಕನ್ನಡಕದ ಮೇಲಿಂದ ನೋಡಿದ. "ನಿಮ್ಗೂ ಫೈಲ್ ವಾಪಸ್ ಮಾಡಿದ್ರಾ?"

"ಮೊದಲನೇ ದಿನ. ಎಲ್ಲ ನಮ್ಮ ಯಜಮಾನ್ರ ಹೆಸರಲ್ಲಿತ್ತು. ಉದ್ಯಮ ನೋಂದಣಿ, ಜಿಎಸ್‌ಟಿ, ಕಾರ್ಖಾನೆಯವರು ಕೊಟ್ಟ ಆರ್ಡರು. ಅವರ ಹೆಸರಿಂದು ನಡೆಯೋಲ್ಲ, ನಿಮ್ಮ ಹೆಸರಲ್ಲಿ ಹೊಸದು ಮಾಡಿಸಿ ಅಂದ್ರು. ಓಡಾಡಿ ಮಾಡಿಸಿದೆ."

"ಹೂಂ. ನಂಗೂ ಒಂದ್ ಚೀಟಿ ಕೊಟ್ಟಿದ್ರು," ಎಂದ ಮಹದೇವ. ಆ ಚೀಟಿ ಏನಾಯಿತು ಎಂದು ಹೇಳಲಿಲ್ಲ. ಮುಂದೆ ಓದಿದ. ಓದುತ್ತ ಅವನ ತುಟಿ ನಿಂತಿತು. ಅಲ್ಲಿದ್ದದ್ದು ಹೀಗೆ: 'ನನ್ನ ಪತಿಯ ಮರಣ ಪ್ರಮಾಣಪತ್ರವನ್ನು ಒಂದೇ ಸಲ ಕೇಳಿದರು.'

"ಇದ್ಯಾಕಮ್ಮ?" ಎಂದ, ದನಿ ತಗ್ಗಿಸಿ.

"ಕರೆಂಟ್ ಆಫೀಸಲ್ಲಿ ನಾಲ್ಕು ಸಲ ಕೇಳಿದ್ರು. ಇನ್ಶೂರೆನ್ಸಿನೋರು ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಹೇಗಾಯ್ತು, ಎಲ್ಲಾಯ್ತು ಅಂತ ಕಥೆ ಕೇಳ್ತಾರೆ. ಇವರು ಕೇಳಲಿಲ್ಲ. ಒಂದು ಪ್ರತಿ ತಗೊಂಡ್ರು, ಸಾಕು ಅಂದ್ರು. ನಾನು ಥ್ಯಾಂಕ್ಸ್ ಹೇಳಬೇಕು ಅಂತಿದ್ದಿದ್ದು ನಿಜವಾಗಿ ಇದಕ್ಕೆ."

ಹೇಳಿದ ಮೇಲೆ ಬಿಂದುವಿಗೇ ಆಶ್ಚರ್ಯವಾಯಿತು. ಅದು ಇಷ್ಟು ದಿನ ಅವಳಿಗೂ ಗೊತ್ತಿರಲಿಲ್ಲ.

ಮಹದೇವ ಕನ್ನಡಕ ಒರೆಸಿಕೊಂಡ. "ಅದ್ ಇರ್ಲಿ," ಎಂದ. "ಅದನ್ ತೆಗೀಬೇಡಿ. ಆದ್ರೆ ಕೊನೇಲಿ ಇನ್ನೊಂದ್ ಸೇರ್ಸಿ. ಇದೇ ಥರ ಎಲ್ರಿಗೂ ಮಾಡ್ಬೇಕು ಅಂತ. ಆಗ ಸೈನ್ ಹಾಕ್ತೀನಿ."

ಬಿಂದು ಇನ್ನೊಂದು ಹಾಳೆಯಲ್ಲಿ ಶುದ್ಧಪ್ರತಿ ಮಾಡಿದಳು.

*ಪ್ರಾದೇಶಿಕ ವ್ಯವಸ್ಥಾಪಕರಿಗೆ,*

*ಮಾನ್ಯರೇ, ನಾನು ಹೆಬ್ಬಾಳದಲ್ಲಿ ಯೂನಿಫಾರಂ ತೊಳೆಯುವ ಘಟಕ ನಡೆಸುತ್ತೇನೆ. ಯಂತ್ರಕ್ಕಾಗಿ ಈ ಶಾಖೆಯಲ್ಲಿ ಮಾರ್ಚ್ 3ರಂದು ಅರ್ಜಿ ಕೊಟ್ಟೆ. ಅಂದೇ ವ್ಯವಸ್ಥಾಪಕಿ ಶ್ರೀಮತಿ ಮಾಲವಿಕಾ ಅವರು ಕೊರತೆಯಿದ್ದ ದಾಖಲೆಗಳನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದುಕೊಟ್ಟರು. ಆಮೇಲೆ ಹೊಸದಾಗಿ ಏನನ್ನೂ ಕೇಳಲಿಲ್ಲ. ನಾನು 10ರಂದು ದಾಖಲೆ ಪೂರ್ತಿ ಮಾಡಿದೆ. 11ರಂದು ಅವರೇ ಘಟಕಕ್ಕೆ ಬಂದು ಪರಿಶೀಲಿಸಿದರು. 14ರಂದು ಸಾಲ ಮಂಜೂರಾಯಿತು. ನನ್ನ ಪತಿಯ ಮರಣ ಪ್ರಮಾಣಪತ್ರವನ್ನು ಒಂದೇ ಸಲ ಕೇಳಿದರು. ಇದಕ್ಕಾಗಿ ನಾನು ಅವರಿಗೆ ಧನ್ಯವಾದ ಹೇಳುತ್ತೇನೆ.*

*ಸಾಲಕ್ಕೆ ಮೊದಲಾಗಲಿ ಆಮೇಲಾಗಲಿ ಅವರು ನಮ್ಮಿಂದ ಏನನ್ನೂ ಕೇಳಿಲ್ಲ. ಇಂದು ನನ್ನ ಅತ್ತೆಯವರು ನನಗೂ ಅವರಿಗೂ ತಿಳಿಸದೆ ಶಾಖೆಗೆ ಬಂದು, ಅವರು ಗರ್ಭಿಣಿಯೆಂದು ಮಡಿಲು ತುಂಬಿದರು. ಅದರಲ್ಲಿ ಒಂದು ರೇಷ್ಮೆ ಸೀರೆಯೂ ಇತ್ತು. ಒಂದು ಹಿಡಿ ಅಕ್ಕಿಯ ಹೊರತು ಎಲ್ಲವನ್ನೂ ಅವರು ಆಗಲೇ, ಎಲ್ಲರೆದುರು ಹಿಂದಿರುಗಿಸಿದರು. ತಪ್ಪು ನಮ್ಮದು. ಇದಕ್ಕೆ ಸಾಕ್ಷಿ ಹಾಕಿರುವ ಶ್ರೀ ಮಹದೇವ ಅವರು ನಮ್ಮ ಪರಿಚಯದವರಲ್ಲ.*

*ಈ ಶಾಖೆಗೆ ಬರುವ ಎಲ್ಲರಿಗೂ ಇದೇ ರೀತಿ ಕೆಲಸವಾಗಲೆಂದು ಕೋರುತ್ತೇನೆ.*

"ಪರಿಚಯದವ್ರಲ್ಲ, ಹೆಂಗೂ ಈಗ ಆಯ್ತಲ್ಲ," ಎಂದು ಗೊಣಗಿ ಮಹದೇವ ಸಹಿ ಹಾಕಿದ. ಕೆಳಗೆ ಫೋನ್ ನಂಬರು ಬರೆದ. "ಫೋನ್ ಮಾಡಿದ್ರೆ ಇದ್ದಿದ್ ಇದ್ದಂಗ್ ಹೇಳ್ತೀನಿ. ತಟ್ಟೆ, ಕಾಯಿ, ಎಲ್ಲ. ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ."

ಬಿಂದು ಆ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿ, ಪ್ರಾದೇಶಿಕ ಕಚೇರಿಗೆ ತಾನೇ ಹೋಗಿ, ಟಪಾಲು ತೆಗೆದುಕೊಳ್ಳುವಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡಳು. ಆಮೇಲೆ ಮನೆಯ ಕಡೆಯ ಬಸ್ಸು ಹತ್ತಿದರು. ಚೀಲ ಇಬ್ಬರ ಕಾಲ ನಡುವೆ ಇತ್ತು. ರಾಜೀವನಗರದ ನಿಲ್ದಾಣ ಬರುವಾಗ ಸಿದ್ದಲಿಂಗಮ್ಮ, "ಆ ಸೀರೆ ಇನ್ ನನ್ ಬೀರೂಗ್ ಬರಂಗಿಲ್ಲ," ಎಂದರು. "ಮಡ್ಲಿಗ್ ಬಿದ್ದಿದ್ದು ಬಿದ್ದೋಳದೇ."

ಬಿಂದು ಕಿಟಕಿಯಾಚೆ ನೋಡುತ್ತಿದ್ದಳು. ಹೂಂ ಎಂದಳು.

ಆಮೇಲಿನ ದಿನಗಳು ಸುಮ್ಮನೆ ಕಳೆಯಲಿಲ್ಲ. ಫೋನ್ ಸದ್ದಾದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಬ್ಯಾಂಕಿನ ಮುಂದೆ ಹಾದುಹೋಗಬೇಕಾದರೆ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದಳು, ಒಳಗೆ ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತಿದ್ದಾರೆಯೇ ಎಂದು ಗಾಜಿನ ಬಾಗಿಲಲ್ಲಿ ಇಣುಕುತ್ತಲೂ ಇದ್ದಳು. ಒಂದು ದಿನ ಪ್ರಾದೇಶಿಕ ಕಚೇರಿಯಿಂದ ಒಬ್ಬರು ಶೆಡ್ಡಿಗೇ ಬಂದರು. ಯಂತ್ರದ ಮೇಲಿನ ನಂಬರು ನೋಡಿದರು, ತಾರೀಖುಗಳನ್ನು ತಾಳೆ ಹಾಕಿದರು, ಬೀರಮ್ಮನನ್ನೂ ಮಾತಾಡಿಸಿದರು. ಬಿಂದು ಮಜ್ಜಿಗೆ ಕೊಡಲೋ ಬೇಡವೋ ಎಂದು ಯೋಚಿಸಿ, ನೀರು ಕೊಟ್ಟಳು.

"ಸೀರೆ ಎಲ್ಲಿದೆ ಈಗ?" ಎಂದು ಹೊರಡುವಾಗ ಕೇಳಿದರು.

"ನನ್ನ ಹತ್ತಿರ ಇದೆ."

ಅವರು ತಲೆಯಾಡಿಸಿ ಹೋದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ, ಯಂತ್ರ ನೀರು ಹಿಂಡುತ್ತ ಶೆಡ್ಡೆಲ್ಲ ಗಡಗಡ ನಡುಗುತ್ತಿರುವಾಗ ಮಹದೇವನ ಫೋನ್ ಬಂತು. ಅವನು ಕೂಗಿಯೇ ಮಾತಾಡುತ್ತಿದ್ದ.

"ಬಿಂದಮ್ಮ, ವಿಷ್ಯ ಗೊತ್ತಾಯ್ತಾ? ಮೇಡಂಗೆ ಬರೀ ಒಂದ್ ಎಚ್ಚರಿಕೆ ಅಂತೆ, ಮಡ್ಲು ಒಡ್ಡೋಕ್ ಮುಂಚೇನೇ ಬೇಡ ಅನ್ಬೇಕಿತ್ತು ಅಂತ. ಅಷ್ಟೇಯ. ಫೈಲ್ ಕ್ಲೋಸು. ಕುರ್ಚೀಲೇ ಅವ್ರೆ, ಮುಂದಿನ್ ವಾರ ರಜಕ್ಕೆ ಹೋಯ್ತಾರೆ. ನಂಗೆ ಫೋನ್ ಮಾಡಿದ್ರು ಮೇಲಿನೋರು. ನಾನ್ ಎಲ್ಲ ಹೇಳ್ದೆ. ಅಕ್ಕಿ ಯಾವ್ದು ಅಂತಾನೂ ಕೇಳಿದ್ರೆ ಹೇಳ್ತಿದ್ದೆ."

ಬಿಂದು ಹತ್ತಿರದ ಮೂಟೆಯ ಮೇಲೆ ಕೂತಳು. ಕೂತ ಮೇಲೆ ಕಾಲು ಸುಮ್ಮನಿದ್ದುದನ್ನು ಗಮನಿಸಿದಳು.

"ಇನ್ನೊಂದ್ ಕೇಳಿ. ನಮ್ ಓನರ್ ಕಾಲ್ ಹಿಡ್ದು ಕರಾರು ಬರ್ಸ್ಕೊಂಡೆ. ನನ್ ಸಾಲಾನೂ ಆಯ್ತು. ಕಾಗ್ದ ಎಲ್ಲ ಕೊಟ್ಮೇಲೆ ನಿಮಗಿಂತ ಒಂದ್ ದಿನ ಜಾಸ್ತಿ ಹಿಡೀತು! ಭಾನ್ವಾರ ಬಂದ್ಬುಡ್ತಲ್ಲ ಮಧ್ಯದಲ್ಲಿ, ಹೋಗ್ಲಿ ಅಂತ ಬಿಟ್ಟೆ. ಈಗ ನಾನೂ ಒಂದ್ ಕಾಗ್ದ ಬರೀಬೇಕಲ್ಲ. ಏನ್ ಬರೀಲಿ ಹೇಳಿ?"

"ತಾರೀಖು ಹಾಕಿ," ಎಂದಳು ಬಿಂದು. "ಏನು ಮಾಡಿದ್ರು ಅಂತ ಬರೀರಿ. ಮೇಡಂಗೆ ಬೇಡ, ಮೇಲಿನವರಿಗೆ ಬರೀರಿ."

"ಸಾಕ್ಷಿಗೆ?"

"ನಾನು ಹಾಕ್ತೀನಿ."

"ಏ, ನೀವು ಪರಿಚಯದೋರು ಕಣಮ್ಮ, ಆಗಕಿಲ್ಲ!"

ಬಿಂದುವಿಗೆ ನಗು ಬಂತು. ಸದ್ದು ಮಾಡಿಯೇ ಬಂತು. ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಬೀರಮ್ಮ ಇತ್ತ ತಿರುಗಿ ನೋಡಿದಳು. ಯಂತ್ರ ಕೊನೆಯ ಸುತ್ತು ಮುಗಿಸಿ ನಿಂತಿತು. ಬಿಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಎದ್ದು, ಬಾಗಿಲು ತೆಗೆದು, ಒದ್ದೆ ಬಟ್ಟೆಗಳನ್ನು ಮಡಿಲು ತುಂಬ ಎತ್ತಿಕೊಂಡಳು.